ದೊಡ್ಡ ವೆಬ್‌ಸೈಟನ್ನು ಟೂಲ್ ಕೈಲಿ ಬರೆಸಿದವರು ಅನುಭವ ಹೇಳಿ

ಪ್ರಶ್ನೆ (ಮಂಡ್ಯ): ನಮ್ಮ ಬೆಲ್ಲದ ಅಂಗಡಿಗೆ ಆರ್ಡರ್, ಸ್ಟಾಕ್, ಪೇಮೆಂಟ್ ಇರುವ ಸೈಟ್ ಬೇಕು. ಕೋಡ್ ಬರೆಯುವ ಟೂಲ್‌ಗೆ ಎಲ್ಲ ಒಂದೇ ಸಲ ಹೇಳಲಾ, ಹಂತಹಂತವಾಗಿ ಹೇಳಲಾ? ಬಂದ ಕೋಡನ್ನು ಹೇಗೆ ಪರೀಕ್ಷೆ ಮಾಡುತ್ತೀರಿ?

ಸರಸ್ವತಿಪುರಂ, ಮೈಸೂರು: ಹಂತಹಂತವಾಗಿ. ಆದರೆ ಒಂದು ಪುಟಕ್ಕೆ ಒಂದು ಹಂತ ಅಂತ ಮಾಡಬೇಡಿ. ಸೀರೆ ಅಂಗಡಿಯ ಸೈಟಿಗೆ ನಾನು ಮೊದಲು ಡೇಟಾಬೇಸ್ ಟೇಬಲ್‌ಗಳನ್ನಷ್ಟೇ ಬರೆಸಿದೆ. ಆಮೇಲೆ ಸ್ಕ್ರೀನ್ ಇಲ್ಲದೆ ಬರೀ ಆರ್ಡರ್ ಕೆಲಸ. ಪೇಮೆಂಟ್ ಕೊನೆಗೆ.

ಟೂಲ್ ಕೊಟ್ಟ ಕೋಡ್ ಮೊದಲು ಸ್ಟಾಕ್ ಓದಿ, ಇದ್ದರೆ ಆಮೇಲೆ ಕಳೆಯುತ್ತಿತ್ತು. ಒಬ್ಬರೇ ಒತ್ತಿದರೆ ಏನೂ ತಪ್ಪು ಕಾಣುವುದಿಲ್ಲ. ಉಳಿದ ಒಂದೇ ಸೀರೆಗೆ ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರಿಗೂ ಮಾರಾಟ! ಓದುವುದು, ಕಳೆಯುವುದು ಎರಡನ್ನೂ ಒಟ್ಟಿಗೆ ತರಿಸಿದೆ:

```
UPDATE items SET stock = stock - 1
WHERE id = 7 AND stock >= 1;
```

ಟೇಬಲ್‌ನಲ್ಲಿ ಒಂದು ಸಾಲೂ ಬದಲಾಗಲಿಲ್ಲ ಅಂದರೆ ಆರ್ಡರ್ ನಿಲ್ಲಿಸಿ 409 ಎರರ್ ಕೊಡಬೇಕು. ಅದಕ್ಕೆ ಟೆಸ್ಟನ್ನೂ ಬರೆಸಿದೆ. ಪೇಮೆಂಟ್ ಹಂತದಲ್ಲಿ ಆ ಟೆಸ್ಟ್ ಫೇಲ್ ಆಯಿತು. ಟೂಲ್ ಕೋಡ್ ಸರಿ ಮಾಡುವ ಬದಲು ಟೆಸ್ಟಿನ 409 ಅನ್ನೇ 200, ಅಂದರೆ ಆರ್ಡರ್ ಸರಿಯಾಗಿದೆ ಅಂತ ಮಾಡಿ, ಎಲ್ಲ ಪಾಸ್ ಅಂತ ತೋರಿಸಿತು. ಬದಲಾದ ಫೈಲ್‌ಗಳ ಪಟ್ಟಿಯನ್ನು `git diff --stat` ಕೊಟ್ಟು ನೋಡಿದಾಗ, ಮುಟ್ಟಬೇಡ ಅಂದಿದ್ದ ಟೆಸ್ಟ್ ಫೈಲಿನ ಹೆಸರು ಕಂಡಿತು. ಪ್ರತಿ ಹಂತ ಮುಗಿದಾಗಲೂ ಕಮಿಟ್ ಮಾಡಿಟ್ಟಿದ್ದೆ, ಹಾಗಾಗಿ ಹಿಂದಕ್ಕೆ ಹೋದೆ.

ಮದ್ದೂರು: ಹಂತ ಹಂತ ಅಂತ ಕೇಳಿ ಕೇಳಿ ಸಾಕಾಗಿದೆ. ಒಂದು ಹಂತದಲ್ಲಿ `user_id`, ಇನ್ನೊಂದರಲ್ಲಿ `customerId`. ಲಾಗಿನ್ ಆದವರಿಗೆ ಆರ್ಡರ್ ಪಟ್ಟಿ ಖಾಲಿ. ಸರಿ ಮಾಡಿಸಲು ಹಳೆಯ ಫೈಲ್‌ಗಳನ್ನೆಲ್ಲ ಮತ್ತೆ ಮತ್ತೆ ಓದಿಸಬೇಕಾಯಿತು, ಪ್ರತಿ ಸಲವೂ ಟೋಕನ್ ದುಡ್ಡು ಹೋಗಿದ್ದು ನನ್ನ ಜೇಬಿಂದ. ಈಗ ಎಲ್ಲ ಒಂದೇ ಪ್ರಾಂಪ್ಟ್‌ನಲ್ಲಿ ಕೊಡುತ್ತೇನೆ. ಹೆಸರು ತಪ್ಪುವುದಿಲ್ಲ.

ಸರಸ್ವತಿಪುರಂ: ಹೆಸರಿನ ಮಾತು ನಿಜ. ಅದಕ್ಕೇ ಟೇಬಲ್, ಕಾಲಂ ಹೆಸರುಗಳನ್ನು ಒಂದು ಫೈಲಿನಲ್ಲಿಟ್ಟು ಪ್ರತಿ ಹಂತದಲ್ಲೂ ಓದಿಸಬೇಕು. ಆದರೆ ಒಟ್ಟಿಗೆ ಬಂದು ಬೀಳುವ ಅಷ್ಟೊಂದು ಕೋಡನ್ನು ನೀವು ಓದುತ್ತೀರಾ ಸಾರ್? ನಿಮ್ಮ ಸೈಟಿನಲ್ಲಿ ಸ್ಟಾಕ್ ಕಳೆಯುವ ಸಾಲು ಎಲ್ಲಿದೆ ಹೇಳಿ.

ಮದ್ದೂರು: ನನ್ನ ಸೈಟ್ ನಡೆಯುತ್ತಿದೆ. ಎಲ್ಲ ನಾನೇ ಓದುತ್ತಾ ಕೂರುವುದಾದರೆ ಟೂಲ್ ಯಾಕೆ?

ಶ್ರೀರಂಗಪಟ್ಟಣ: ನಮ್ಮ ಹೋಂಸ್ಟೇಯಲ್ಲಿ ದಸರಾ ಸಮಯಕ್ಕೆ ಒಂದೇ ರೂಮು ಎರಡು ಕುಟುಂಬಕ್ಕೆ ಬುಕ್ ಆಯಿತು. ಒಬ್ಬರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು, ಲಾಡ್ಜ್ ಬಾಡಿಗೆಯನ್ನೂ ನಾವೇ ಕಟ್ಟಿದೆವು. ಆ ಕೋಡ್ ಬರೆದಿದ್ದು ಟೂಲ್ ಅಲ್ಲ, ಡೆವಲಪರ್. ಮನುಷ್ಯರು ಬರೆದರೆ ಸರಿ ಇರುತ್ತೆ ಅನ್ನಬೇಡಿ.

ಮದ್ದೂರು: ಇಲ್ಲಿ ಹಾಗೆ ಅಂದಿದ್ದು ಯಾರು? ಸುಮ್ನೆ ಜಗಳಕ್ಕೆ ಬರಬೇಡಿ.

ಮಂಡ್ಯ: ನಾವು ಬೆಲ್ಲ ಅರ್ಧ ಕೆಜಿ, ಕಾಲು ಕೆಜಿಯಲ್ಲೂ ಮಾರುತ್ತೇವೆ. ಸ್ಟಾಕನ್ನು 0.5 ಅಂತ ಇಟ್ಟರೆ ಆಗುತ್ತಾ?

ಸರಸ್ವತಿಪುರಂ: ಬೇಡ. ತೂಕ ಗ್ರಾಂನಲ್ಲಿ, ದುಡ್ಡು ಪೈಸೆಯಲ್ಲಿ, ಎರಡೂ ಪೂರ್ಣ ಸಂಖ್ಯೆ. ಟೂಲ್ ಬೆಲೆಗೆ `float` ಹಾಕಿದ್ದರೆ ಟೇಬಲ್ ಹಂತದಲ್ಲೇ ತೆಗೆಸಿ. ಪೇಮೆಂಟ್ ಬರೆಸಿದ ಮೇಲೆ ಬದಲಿಸಿದರೆ ಹಿಂದಿನ ಎಲ್ಲ ಹಂತವನ್ನೂ ಮತ್ತೆ ಓದಬೇಕಾಗುತ್ತದೆ.