ಲೀಸ್ಟ್ ಕೌಂಟ್ ಅಂದರೆ ‘ಕನಿಷ್ಠ ಎಣಿಕೆ’ನಾ?

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮಕ್ಕಳಿಗೆ ಸ್ಪೆಕ್ಟ್ರೋಮೀಟರ್ ಪ್ರಯೋಗವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಪಟ್ಟಕದ ಕೋನವನ್ನು ಪ್ರತಿಫಲನದಿಂದ ಅಳೆಯುವ ಪ್ರಯೋಗ ಅದು. ಪ್ರಿಸಮ್‌ಗೆ ಪಟ್ಟಕ, ಅಶ್ರಗ ಎರಡೂ ಇವೆ, ಅಲ್ಲಿ ತೊಂದರೆಯಿಲ್ಲ. ಸಿಕ್ಕಿಬಿದ್ದಿದ್ದು ಲೀಸ್ಟ್ ಕೌಂಟ್ ಹತ್ತಿರ. ‘ಕನಿಷ್ಠ ಎಣಿಕೆ’ ಅಂತ ಬರೆದೆ. ಒಬ್ಬ ಹುಡುಗ ವರ್ನಿಯರ್ ಮೇಲಿನ ಮನೆಗಳನ್ನೆಲ್ಲ ಎಣಿಸಿ, ಉತ್ತರ 30 ಅಂತ ಬರೆದುಕೊಂಡು ಬಂದ. ಎಣಿಕೆ ಅಂದಮೇಲೆ ಎಣಿಸಿದ್ದಾನೆ, ಅಲ್ವಾ?

ನಮ್ಮ ಉಪಕರಣದಲ್ಲಿ ಮುಖ್ಯ ಸ್ಕೇಲಿನ ಒಂದು ಮನೆ ಅರ್ಧ ಡಿಗ್ರಿ, ಅಂದರೆ 30 ಮಿನಿಟು. ಅಂಥ 29 ಮನೆಗಳ ಜಾಗದಲ್ಲಿ ವರ್ನಿಯರ್‌ನ 30 ಮನೆ ಕೂತಿವೆ. ಹಾಗಾಗಿ ವರ್ನಿಯರ್‌ನ ಒಂದೊಂದು ಮನೆಯೂ 1 ಮಿನಿಟಿನಷ್ಟು ಚಿಕ್ಕದು. ಆ 1 ಮಿನಿಟಿಗೆ ಒಂದು ಹೆಸರು ಬೇಕು. ಜೊತೆಗೆ, ಮುಖ್ಯ ಸ್ಕೇಲಿನ ಗೆರೆಗೆ ಸರಿಯಾಗಿ ಎದುರು ಬರುವ ವರ್ನಿಯರ್ ಗೆರೆಗೆ ‘ಕೂಡುವ ಗೆರೆ’ ಅನ್ನಬಹುದಾ?

———

ಮೇಡಂ, ನಾನು ಟರ್ನರ್. ನಮ್ಮ ಶಾಪಲ್ಲಿ ಇದಕ್ಕೆ ಕನ್ನಡವೇ ಇಲ್ಲ. ‘ಪಾಯಿಂಟ್ ಜೀರೋ ಟೂ ವರ್ನಿಯರ್ ಕೊಡಪ್ಪಾ’ ಅಂತೀವಿ, ಅಷ್ಟೇ. 0.02 ಮಿ.ಮೀ. ಅಂತ ಎಲ್ಲರಿಗೂ ಗೊತ್ತು. ಹೊಸ ಹುಡುಗರಿಗೆ ಮಾತ್ರ ‘ಇದು ತೋರಿಸೋ ಅತಿ ಸಣ್ಣ ಅಳತೆ’ ಅಂತ ಹೇಳಿಕೊಡ್ತೀನಿ.

———

ಅದು ಉಪಕರಣದಲ್ಲಿರುವ ತಪ್ಪಿನ ಪ್ರಮಾಣ. 1 ಮಿನಿಟು ಅಂದರೆ ಉತ್ತರ ಹೆಚ್ಚೆಂದರೆ 1 ಮಿನಿಟು ಆಚೀಚೆ ಆಗುತ್ತೆ. ಹಾಗಾಗಿ ‘ಕನಿಷ್ಠ ದೋಷ’ ಸರಿಯಾದ ಪದ.

———

ಪ್ರತಿಫಲನ ಕೋನ ಅಂತಲೇ ಪುಸ್ತಕಗಳಲ್ಲಿ ಇದೆಯಲ್ಲ, ಮತ್ತೆ ಹೊಸ ಪದ ಯಾಕೆ?

———

ಮೂವತ್ತು ವರ್ಷ ಲ್ಯಾಬಿನಲ್ಲಿ ಇದನ್ನೇ ಮಾಡಿಸಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಪ್ರತಿಫಲನ ಕೋನದ ಮಾತು. ಇಲ್ಲಿ ಅಳೆಯುವುದು ಅದನ್ನಲ್ಲ. ಪಟ್ಟಕದ ಅಂಚನ್ನು ಕೊಲಿಮೇಟರ್ ಕಡೆ ತಿರುಗಿಸಿಡುತ್ತೇವೆ. ಬೆಳಕು ಎರಡು ಮುಖಗಳಿಂದಲೂ ಪ್ರತಿಫಲಿಸಿ ಎಡಕ್ಕೊಂದು ಬಲಕ್ಕೊಂದು ಹೋಗುತ್ತದೆ. ಟೆಲಿಸ್ಕೋಪನ್ನು ಒಂದು ಬಿಂಬದಿಂದ ಇನ್ನೊಂದಕ್ಕೆ ತಿರುಗಿಸಿದರೆ ಅದು ಪಟ್ಟಕದ ಕೋನದ ಎರಡರಷ್ಟು ತಿರುಗಿರುತ್ತದೆ.

‘ಕನಿಷ್ಠ ದೋಷ’ ಒಪ್ಪುವುದಿಲ್ಲ. ಓದುವಿಕೆ ಅದಕ್ಕಿಂತ ಸೂಕ್ಷ್ಮವಾಗುವುದಿಲ್ಲ ಎನ್ನುವುದು ನಿಜ. ಆದರೆ ತಪ್ಪು ಎಷ್ಟು ದೊಡ್ಡದಾದರೂ ಆಗಬಹುದು. ಒಂದು ಲೆಕ್ಕ ನೋಡಿ. ಮೊದಲ ವರ್ನಿಯರ್ ಎಡ ಬಿಂಬಕ್ಕೆ 298°44′, ಬಲ ಬಿಂಬಕ್ಕೆ 58°50′ ತೋರಿಸಿತು. ಮಧ್ಯದಲ್ಲಿ ಸೊನ್ನೆ ದಾಟಿದೆ. ಹಾಗಾಗಿ 58°50′ಕ್ಕೆ 360° ಸೇರಿಸಿ ಕಳೆಯಬೇಕು. 120°06′ ಬರುತ್ತದೆ, ಅರ್ಧ 60°03′. ಎರಡನೇ ವರ್ನಿಯರ್‌ನಲ್ಲಿ 118°46′ ಮತ್ತು 238°50′. ವ್ಯತ್ಯಾಸ 120°04′, ಅರ್ಧ 60°02′. ಸ್ಕೇಲಿನ ನಡುವೂ ತಿರುಗುವ ನಡುವೂ ಒಂದೇ ಕಡೆ ಇಲ್ಲದಿದ್ದರೆ ಹೀಗೆ ಆಚೀಚೆ ಆಗುತ್ತದೆ, ಅದಕ್ಕೇ ಎರಡರ ಸರಾಸರಿ.

ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಸೊನ್ನೆ ದಾಟಿದ್ದನ್ನು ಗಮನಿಸದೆ 298°44′ರಿಂದ 58°50′ ಕಳೆದು 239°54′ ಮಾಡುತ್ತಾರೆ. ಅರ್ಧ 119°57′. ಇದು 60ರ ಹತ್ತಿರ ಇಲ್ಲವಲ್ಲ ಅಂತ ಇನ್ನೊಂದು ಸಲ ಅರ್ಧ ಮಾಡಿ 59°58½′ ಬರೆದುಬಿಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ! 60 ಡಿಗ್ರಿ ಪಟ್ಟಕದಲ್ಲಿ ಈ ತಪ್ಪು ಅಡಗಿ ಕೂರುತ್ತದೆ. 45 ಡಿಗ್ರಿಯದಕ್ಕೆ ಹೀಗೇ ಮಾಡಿದರೆ 67½ ಬಂದು ತಕ್ಷಣ ಸಿಕ್ಕಿಬೀಳುತ್ತಾರೆ. ಹಾಗಾಗಿ ಒಂದೊಂದು ವರ್ನಿಯರ್‌ನ ಉತ್ತರವನ್ನೂ ಬೇರೆಬೇರೆ ಬರೆಸಿ. ಎರಡೂ ಒಂದೆರಡು ಮಿನಿಟಿಗಿಂತ ಜಾಸ್ತಿ ದೂರ ಇದ್ದರೆ ಲೆಕ್ಕವನ್ನೇ ಮೊದಲು ನೋಡಿ.

ಇನ್ನು ನಿಮ್ಮ ‘ಕೂಡುವ ಗೆರೆ’. ಅದು ಬೇಡ ತಾಯಿ. ನಮ್ಮ ಮಕ್ಕಳಿಗೆ ಕೂಡುವುದು ಅಂದರೆ ಸಂಕಲನ. 118.5 ಓದಿ, 16ನೇ ಗೆರೆ ‘ಕೂಡಿದೆ’ ಅಂದರೆ 134.5 ಮಾಡಿಡುತ್ತಾರೆ. ಅಷ್ಟು ದೊಡ್ಡ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. 118.66 ಅಂತ ಬರೆದರೆ ಬೀಳುವುದಿಲ್ಲ. ಅರ್ಧ ಡಿಗ್ರಿಯನ್ನು 30 ಮಿನಿಟು ಅಂತ ಬರೆದ ಮೇಲೆ 16 ಸೇರಿಸಲಿ, 118°46′ ಸಿಗುತ್ತದೆ.

———

ಸರ್, ‘ಕೂಡು’ ಹೀಗೆ ಕೈಕೊಡುತ್ತೆ ಅಂತ ನಾನು ಯೋಚಿಸಿರಲೇ ಇಲ್ಲ. ಟರ್ನರ್ ಅಣ್ಣ ಹೇಳಿದ ‘ಅತಿ ಸಣ್ಣ ಅಳತೆ’ಯನ್ನೇ ಹಿಡಿದು, ಶೀರ್ಷಿಕೆಯಲ್ಲಿ ‘ಕನಿಷ್ಠ ಅಳತೆ’ ಅಂತ ಹಾಕುತ್ತೇನೆ. ಪಕ್ಕದಲ್ಲಿ ಲೀಸ್ಟ್ ಕೌಂಟ್ ಅಂತಲೂ ಇರಲಿ, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಗೆರೆಗೆ ‘ಎದುರು ನಿಂತ ಗೆರೆ’ ಅಂತ ಬರೆದು ನೋಡಿದೆ, ‘ಒಂದಾದ ಗೆರೆ’ ಅಂತಲೂ ನೋಡಿದೆ. ಎದುರು ಅಂದರೆ ವಿರುದ್ಧ ದಿಕ್ಕು ಅಂತ ತಿಳಿಯುವವರೂ ಇದ್ದಾರೆ, ‘ಒಂದಾದ’ ಅಂದರೆ ಒಂದನೇ ಗೆರೆ ಅಂತ ಕೇಳಿಸುತ್ತದಂತೆ. ನಿಮ್ಮೂರ ಕಡೆ ಎರಡು ಗೆರೆ ಸರಿಯಾಗಿ ಜೋಡಿಯಾದರೆ ಏನಂತೀರಿ?