ಪದಚರ್ಚೆ: ಪಾಲು ಬಿಟ್ಟವರಿಗೆ ಕೊಡುವ ದುಡ್ಡು ‘ವ್ಯತ್ಯಾಸದ ಹಣ’ವೇ?

ವಿ.ಕೆ., ಹಾಸನ

ಆಸ್ತಿ ಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ತಂದೆ ತೀರಿಕೊಂಡಿದ್ದಾರೆ, ಮೂವರು ಮಕ್ಕಳು, ಮೈಸೂರಿನಲ್ಲಿ ಒಂದೇ ಮನೆ. ದೊಡ್ಡಕ್ಕ ಮನೆ ಇಟ್ಟುಕೊಂಡು ತಮ್ಮಂದಿರಿಬ್ಬರಿಗೆ ಹಣ ಕೊಡುತ್ತಾರೆ. ಮೂಲದಲ್ಲಿ ಆ ಹಣಕ್ಕೆ ‘ಓವೆಲ್ಟಿ’ ಎಂದಿದೆ. ನಾನು ‘ವ್ಯತ್ಯಾಸದ ಹಣ’ ಎಂದು ಬರೆದೆ, ಪತ್ರಬರಹಗಾರರು ಒಪ್ಪಲಿಲ್ಲ. ಲೆಕ್ಕ ಹೀಗಿದೆ: ಮನೆಯ ಬೆಲೆ 81.9 ಲಕ್ಷ, ತಲಾ 27.3 ಲಕ್ಷ, ತಂದೆಯ ಸಾಲದ ಬಾಕಿ 6.9 ಲಕ್ಷ ಅಕ್ಕನ ಮೇಲೆ.

ಸು.ರಾ., ಧಾರವಾಡ

ನಮ್ಮ ಕಡೆ ಇದಕ್ಕೆಲ್ಲ ‘ಪಾರೀಖತ್ತು’ ಅಂತಾರ್ರೀ. ಫಾರಿಗ್ ಅಂದ್ರ ಮುಕ್ತ, ಖತ್ ಅಂದ್ರ ಬರಹ. ಬಿಡುಗಡೆ ಪತ್ರ ಅಂತನ ಅರ್ಥ. ಹಂಗಾಗಿ ಖುಲಾಸೆ, ಪಾರೀಖತ್ತು ಎರಡೂ ಒಂದ. ಬೆಲೀಗೆ ಮಾರ್ಗಸೂಚಿ ದರ ಹಿಡೀರಿ, ಸರಕಾರದ್ದು, ತಕರಾರು ಬರೂದಿಲ್ಲ.

ಎಂ.ಎನ್., ಮೈಸೂರು

ವ್ಯುತ್ಪತ್ತಿ ಸರಿ, ಬಳಕೆ ಬೇರೆ. ‘ಪಾಲು ಪಾರೀಖತ್ತು’ ಎಂದರೆ ಈಗ ವಿಭಾಗ ಪತ್ರ, ಎಲ್ಲರಿಗೂ ಒಂದಲ್ಲ ಒಂದು ಆಸ್ತಿ ಸಿಗುವಂಥದ್ದು. ಇಲ್ಲಿ ಇಬ್ಬರು ಹಕ್ಕು ಬಿಡುತ್ತಿದ್ದಾರೆ, ಆದ್ದರಿಂದ ‘ಹಕ್ಕು ಖುಲಾಸೆ ಪತ್ರ’. ಅದರಲ್ಲಿ ಹಣಕ್ಕೆ ರೂಢಿಯ ಮಾತು ‘ಪ್ರತಿಫಲ’. ಯಾರ ಹೆಸರಿಗೆ ಖುಲಾಸೆ ಎಂಬುದನ್ನೂ ಬರೆಯಿರಿ. ‘ನನ್ನ ಹಕ್ಕು ಬಿಟ್ಟಿರುತ್ತೇನೆ’ ಎಂದಷ್ಟೇ ಬರೆದರೆ ಅದು ಅಕ್ಕನಿಗೋ ಉಳಿದಿಬ್ಬರಿಗೂ ಸೇರಿಯೋ ಎಂಬ ಜಗಳ ಮುಂದೆ ಏಳುತ್ತದೆ.

‘ಓವೆಲ್ಟಿ’ ಹಳೆಯ ಫ್ರೆಂಚಿನಿಂದ ಬಂದದ್ದು, ಸಮಾನತೆ ಎಂಬ ಅರ್ಥ. ‘ವ್ಯತ್ಯಾಸ’ ಅಪಾಯದ ಪದ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ 60 ಲಕ್ಷದ ಮನೆ, ಇನ್ನೊಬ್ಬನಿಗೆ 40 ಲಕ್ಷದ ಸೈಟು ಬಂತೆನ್ನಿ. ವ್ಯತ್ಯಾಸ 20 ಲಕ್ಷ, ಕೊಡಬೇಕಾದದ್ದು 10. ಇಪ್ಪತ್ತನ್ನೇ ಕೊಟ್ಟರೆ ಸೈಟಿನವನ ಕೈಯಲ್ಲಿ 60, ಮನೆಯವನಿಗೆ 40 ಉಳಿಯುತ್ತದೆ. ಅಂಥ ಕಡೆ ‘ಸರಿದೂಗಿಸುವ ಹಣ’ ಅನ್ನಿ.

ಇನ್ನು ನಿಮ್ಮ ಲೆಕ್ಕ. ಸಾಲ ತಂದೆಯದಾದರೆ ಭಾಗಿಸುವ ಮೊದಲೇ ಕಳೆಯಬೇಕು: 81.9ರಲ್ಲಿ 6.9 ಹೋದರೆ 75, ತಲಾ 25. ಅಕ್ಕ ತಮ್ಮಂದಿರಿಗೆ 50 ಲಕ್ಷ ಕೊಟ್ಟು ಸಾಲ ತೀರಿಸಿದರೆ ಅವರಿಗೂ 25 ಉಳಿಯುತ್ತದೆ. ನೀವು ಬರೆದಂತೆ ಕೊಟ್ಟರೆ ಅಕ್ಕನ ಪಾಲು 20.4ಕ್ಕೆ ಇಳಿಯುತ್ತದೆ, ಮೂವರ ಸಾಲವನ್ನು ಒಬ್ಬರೇ ಹೊತ್ತಂತೆ. ಮನೆ ಅಡವಿಟ್ಟು ತಂದ ಸಾಲವಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕಕ್ಕೆ ಸರಕಾರ ಇಟ್ಟಿರುವ ಕನಿಷ್ಠ ಅಳತೆ, ಪೇಟೆ ಬೆಲೆಯಲ್ಲ. ಬಹಳ ಕಡೆ ಪೇಟೆಗಿಂತ ಕಡಿಮೆಯೇ ಇರುತ್ತದೆ, ಅದನ್ನು ಹಿಡಿದರೆ ನಷ್ಟ ತಮ್ಮಂದಿರಿಗೆ. ಅಂದಹಾಗೆ 81.9 ಎಲ್ಲಿಂದ ಬಂತು?

ವಿ.ಕೆ., ಹಾಸನ

ಮೌಲ್ಯಮಾಪಕರ ವರದಿಯಿಂದ. 30x40 ಸೈಟು, ಚದರಡಿಗೆ 6,000ದಂತೆ 72 ಲಕ್ಷ. ಕಟ್ಟಡ ಸಾವಿರ ಚದರಡಿ, ಇವತ್ತು ಹೊಸದಾಗಿ ಕಟ್ಟಿದರೆ 18 ಲಕ್ಷ. ಕೆಡವಿದಾಗ ಸಿಗುವ ಸಾಮಾನಿನ ಬೆಲೆಯೆಂದು ನೂರಕ್ಕೆ ಹತ್ತು ಬಿಟ್ಟು, ಉಳಿದ 16.2 ಲಕ್ಷದಲ್ಲಿ ಅರ್ಧ ಸವೆದಿದೆ ಎಂದಿದ್ದಾರೆ. 60 ವರ್ಷದ ಆಯುಷ್ಯದಲ್ಲಿ 30 ಕಳೆದಿದೆ. ಆ 8.1 ಲಕ್ಷವನ್ನು 18ರಲ್ಲಿ ಕಳೆದರೆ ಕಟ್ಟಡಕ್ಕೆ 9.9 ಲಕ್ಷ. ಕರಡಿನಲ್ಲಿ ಮಾತ್ರ ‘ಮನೆಯ ಬೆಲೆ’ ಎಂದಷ್ಟೇ ಇದೆ.

ಎಂ.ಎನ್., ಮೈಸೂರು

ವರದಿ ಓದುವ ಹಾಗಿದೆ. ‘ಮನೆಯ ಬೆಲೆ’ ಎಂದರೆ ಒಬ್ಬರಿಗೆ ಕಟ್ಟಡ, ಇನ್ನೊಬ್ಬರಿಗೆ ನಿವೇಶನವೂ ಸೇರಿ, ಮತ್ತೊಬ್ಬರಿಗೆ ತಂದೆ ತೀರಿಕೊಂಡ ದಿನದ ಬೆಲೆ. ‘ನಿವೇಶನ ಮತ್ತು ಕಟ್ಟಡದ ಪೇಟೆ ಬೆಲೆ’ ಎಂದು ಬರೆದು ತಾರೀಕು ಹಾಕಿ.

ಲ., ಶಿವಮೊಗ್ಗ

ನಮ್ಮನೆಯಲ್ಲೂ ಇದೇ. ಮೈದುನ ಹನ್ನೆರಡು ವರ್ಷದಿಂದ ಪಾಲಾಗಬೇಕಾದ ಮನೆಯಲ್ಲೇ ಇದ್ದಾರೆ, ಮೇಲೆ ಒಂದು ರೂಮು ಕಟ್ಟಿಸಿದ್ದಾರೆ. ರೂಮಿಗೆ ಹಾಕಿದ ಆರು ಲಕ್ಷ ಕಳೆಯಬೇಕಂತೆ. ಹಾಗಾದರೆ ನಾವು ಬಾಡಿಗೆ ಕೇಳಬಹುದಲ್ಲವೇ? ಅದಕ್ಕೆ ಕನ್ನಡದಲ್ಲಿ ಏನಂತಾರೆ?

ಎಂ.ಎನ್., ಮೈಸೂರು

ಅದು ಪದದ ಪ್ರಶ್ನೆಯಲ್ಲ, ಇರಲಿ. ಹಾಕಿದ ಹಣವಲ್ಲ, ರೂಮಿನಿಂದ ಇವತ್ತು ಹೆಚ್ಚಿದ ಬೆಲೆ ನೋಡಿ. ಮೌಲ್ಯಮಾಪಕರಿಗೆ ರೂಮು ಸೇರಿಸಿ ಒಂದು, ಬಿಟ್ಟು ಒಂದು ಬೆಲೆ ಕೇಳಿದರೆ ಆರು ಲಕ್ಷದ ರೂಮು ನಾಲ್ಕಕ್ಕೂ ಇಳಿದೀತು. ಬಾಡಿಗೆ ಕಷ್ಟ. ಪಾಲುದಾರ ತನ್ನದೇ ಮನೆಯಲ್ಲಿ ಇದ್ದಾನೆ. ನಿಮ್ಮನ್ನು ಒಳಗೆ ಬಿಡದೆ ಹೊರಗಿಟ್ಟಿದ್ದರೆ ಮಾತು ಬೇರೆ.

ಸು.ರಾ., ಧಾರವಾಡ

‘ಪ್ರತಿಫಲ’ ಅಂದ್ರ ಹಳ್ಳಿ ಮಂದಿಗೆ ಕೆಲಸಕ್ಕ ಸಿಕ್ಕ ಇನಾಮು ಅನಿಸ್ತದ. ‘ಪಾಲಿನ ಬಾಬ್ತು ಹಣ’ ಅಂತ ಯಾಕ ಬರೀಬಾರದು?

ವಿ.ಕೆ., ಹಾಸನ

ಕಿವಿಗೆ ಹಿತವಾಗಿದೆ. ಆದರೆ ಬಾಬ್ತು ಎಂದರೆ ಪೂರ್ತಿ ಸಂದಿತೋ ಮುಂಗಡವೋ ಎಂದು ಪತ್ರಬರಹಗಾರರು ಕೇಳುತ್ತಾರೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ನನ್ನ ಮೂರನೇ ಒಂದು ಭಾಗದ ಬಾಬ್ತು ಪೂರ್ಣ ಪ್ರತಿಫಲ ರೂ. 25,00,000 ಪಡೆದು, ನನ್ನ ಅಕ್ಕನವರ ಹೆಸರಿಗೆ ಹಕ್ಕು ಖುಲಾಸೆ ಮಾಡಿರುತ್ತೇನೆ.’