ಅಪ್‌ಡೇಟ್: ಏಜೆಂಟರಿಗೆ ಬರೆದ ಮೇಲ್‌ನಲ್ಲಿ ಕನ್ಸೈನಿ ಯಾರು?

ನನ್ನ ಪ್ರಶ್ನೆ: "ಪುಣೆಯ ಭೋಸರಿಯಿಂದ ಕೀನ್ಯಾಕ್ಕೆ ಎಲ್‌ಸಿ, ಅಂದರೆ ಬ್ಯಾಂಕಿನ ಪಾವತಿ ಖಾತರಿ ಪತ್ರದ ಮೇಲೆ ಪಂಪ್ ಭಾಗಗಳು ಹೋಗಬೇಕು. ಕಸ್ಟಮ್ಸ್ ಏಜೆಂಟರಿಗೆ ಬರೆಯುವ ಮೇಲ್‌ನಲ್ಲಿ ಕನ್ಸೈನಿ, ಅಂದರೆ ಮಾಲು ಪಡೆಯುವವರು, ಅಂತ ಬೈಯರ್ ಹೆಸರು ಹಾಕಿದರೆ ಸಾಕಾ?"

ಸಾಕಾಗಲಿಲ್ಲ. ಹಡಗು ಕಂಪನಿಯ ಸರಕು ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನ ಡ್ರಾಫ್ಟ್ ಬಂದಾಗ ಎಲ್‌ಸಿ ಪಕ್ಕದಲ್ಲಿಟ್ಟು ಓದಿದೆ. ಎಲ್‌ಸಿಯಲ್ಲಿ ಕನ್ಸೈನಿ ಜಾಗಕ್ಕೆ ಕೇಳಿದ್ದು ಬೈಯರ್ ಹೆಸರಲ್ಲ, "ಬ್ಯಾಂಕಿನ ಆರ್ಡರ್‌ಗೆ" ಅಂತ. ಹಾಗೇ ಬಿಟ್ಟಿದ್ದರೆ ಬ್ಯಾಂಕು ತಪ್ಪು ತೋರಿಸಿ ಹಣ ತಡೆಯುತ್ತಿತ್ತು. ಕೂಡಲೇ ಮೇಲ್ ತಿದ್ದಿದೆ:

```
Consignee: TO ORDER OF (LC ಬ್ಯಾಂಕ್)
Notify: (ಬೈಯರ್, ವಿಳಾಸ)
```

ಇನ್‌ವಾಯ್ಸ್ ಮಾತ್ರ ಬೈಯರ್ ಹೆಸರಲ್ಲೇ ಉಳಿಯಿತು. ಎಲ್‌ಸಿ ಪ್ರತಿಯನ್ನೂ ಮೇಲ್‌ಗೆ ಸೇರಿಸಿದೆ. ಮೊದಲೇ ಕಳಿಸಬೇಕಿತ್ತು, ಅಲ್ವಾ?

ಇನ್ನೊಂದು ಮಾತು. ಪ್ಯಾಕಿಂಗ್ ಬಗ್ಗೆ ಮೇಲ್‌ನಲ್ಲಿ "ಜೋಪಾನ" ಅಂತ ಸುಮ್ನೆ ಬರೆದಿದ್ದೆ. ಈಗ "ಮರದ ಪೆಟ್ಟಿಗೆ 4, ಐಎಸ್‌ಪಿಎಂ 15 ಮುದ್ರೆ ಇದೆ, ಮೇಲೆ ಏನೂ ಪೇರಿಸಬಾರದು" ಅಂತ ಬರೆದೆ; ಆ ಮುದ್ರೆ ಮರಕ್ಕೆ ಕೀಟ ನಿವಾರಣೆ ಚಿಕಿತ್ಸೆ ಆಗಿದೆ ಅನ್ನುವ ಗುರುತು. ನ್ಹಾವಾ ಶೇವಾದಿಂದ ಮಾಲು ಹೊರಟಿದೆ.